ಗೋಡೆಯ ನಡುವೆ ಗಾಳಿಯೋ, ಥರ್ಮೊಕೋಲೋ?

ಬೀಳಗಿಯ ಬೇಸಿಗೆಯಲ್ಲಿ ಪಶ್ಚಿಮದ ಗೋಡೆ ಸಂಜೆಯಾದ್ರೂ ಆರೋದಿಲ್ಲ. ಇದಕ್ಕೊಂದು ಉಪಾಯ ಕ್ಯಾವಿಟಿ ಗೋಡೆ: ನಾಲ್ಕೂವರೆ ಇಂಚಿನ ಎರಡು ಇಟ್ಟಿಗೆ ಗೋಡೆ, ನಡುವೆ 50 ಮಿ.ಮೀ. ಸಂದು. ಈ ಸಂದನ್ನ ಖಾಲಿ ಬಿಡಬೇಕಾ, ತುಂಬಬೇಕಾ?

ಗಾಳಿ ಶಾಖವನ್ನ ತಡೆಯೋದು ಅಲ್ಲಾಡದೆ ನಿಂತಾಗ ಮಾತ್ರ. ಸಂದಿನಲ್ಲಿ ಅದು ಬಿಸಿ ಇಟ್ಟಿಗೆಯ ಪಕ್ಕ ಮೇಲೇರಿ, ತಣ್ಣನೆಯದರ ಪಕ್ಕ ಕೆಳಗಿಳಿದು ಸುತ್ತುತ್ತೆ. ವಿಕಿರಣವಂತೂ ನೇರವಾಗಿ ದಾಟುತ್ತೆ. ಹಾಗಾಗಿ ಸಂದನ್ನ ಇನ್ನೂ ಅಗಲ ಮಾಡಿದ್ರೂ ಹೆಚ್ಚೇನೂ ಲಾಭವಿಲ್ಲ. ಥರ್ಮೊಕೋಲ್ ಅದೇ ಗಾಳಿಯನ್ನ ಸಣ್ಣ ಗುಳ್ಳೆಗಳಲ್ಲಿ ಕಟ್ಟಿಹಾಕುತ್ತೆ.

ಒಂದು ಲೆಕ್ಕ ನೋಡಿ. ಗೋಡೆ 12 ಚದರ ಮೀಟರ್, ಹೊರಗೂ ಒಳಗೂ 10 ಡಿಗ್ರಿ ವ್ಯತ್ಯಾಸ. ಖಾಲಿ ಸಂದಾದ್ರೆ ಸುಮಾರು 190 ವ್ಯಾಟ್ ಶಾಖ ಒಳಬರುತ್ತೆ, 50 ಮಿ.ಮೀ. ಥರ್ಮೊಕೋಲ್ ತುಂಬಿದ್ರೆ ಸುಮಾರು 65. ಅಂದ್ರೆ ಮೂರನೇ ಒಂದು ಭಾಗ.

ಹಾಗಂತ ಕಣ್ಣುಮುಚ್ಚಿ ತುಂಬಬಾರದು. ಮಳೆನೀರು ಹೊರಗಿನ ಇಟ್ಟಿಗೆಯಲ್ಲೇ ನಿಲ್ಲಲಿ ಅಂತ ಸಂದು ಇರೋದು. ಕಟ್ಟುವಾಗ ಹಲಗೆಗಳ ನಡುವೆ ಗಾರೆ ಬಿದ್ರೆ, ಅದೇ ಸೇತುವೆಯಾಗಿ ನೀರನ್ನೂ ಶಾಖವನ್ನೂ ಒಳಗೆ ತರುತ್ತೆ. ಮಳೆಯ ನಂತರ ಒಳಗೋಡೆಯಲ್ಲಿ ಬಿಡಿಬಿಡಿ ತೇವದ ಕಲೆ ಕಂಡ್ರೆ ಅದೇ ಗುರುತು. ಬೀಳಗಿಯಲ್ಲಿ ಮಳೆ ಕಡಿಮೆ, ಹಾಗಾಗಿ ಈ ಭಯ ಮಲೆನಾಡಿನಷ್ಟಿಲ್ಲ.

ಇನ್ನೊಂದು ಮಾತು: ತುಂಬಿದ ಗೋಡೆ ರಾತ್ರಿ ಒಳಗಿನ ಶಾಖವನ್ನೂ ಹೊರಗೆ ಬಿಡಲ್ಲ, ಕಿಟಕಿ ತೆಗೀಲೇಬೇಕು. ಮೇಲಿನ ಆರ್‌ಸಿಸಿ ಚಾವಣಿ ಬಿಸಿಲಿಗೆ ಬರಿದಾಗಿದ್ರೆ, ಮೊದಲ ದುಡ್ಡು ಅದಕ್ಕೇ ಹಾಕಿ. ಆಮೇಲೆ ಪಶ್ಚಿಮದ ಗೋಡೆ.