ಮೂಲೆ ಕತ್ತರಿಸಿದ ಚೌಕಗಳು

“ಅಂವ ನಮಗ ಮೂಲಿ ಮುರಿದ ಮಾಲು ಕೊಟ್ಟಾನ. ಬಾಕಿ ರೊಕ್ಕ ಕೊಡಂಗಿಲ್ಲ ಅಂತ ಹೇಳಿ ಕಳಿಸೀನಿ” ಎಂದು ಕಾಕಾ ಫೋನಿನಲ್ಲಿ ಗುಡುಗಿದರು. ಇದು ಎಂಟು ವರ್ಷದ ಹಿಂದಿನ ಮಾತು. ಮಾನ್ವಿ ತಾಲೂಕಿನ ಅವರ ಹೊಲಕ್ಕೆ ಆಗಷ್ಟೇ ಸೋಲಾರ್ ಪಂಪು ಬಂದಿತ್ತು. ರಾಯಚೂರಿನಲ್ಲಿ ವಿಜ್ಞಾನದ ಮೇಷ್ಟರಾಗಿರುವ ನಾನು, ಭಾನುವಾರ ಮಗಳನ್ನು ಕರೆದುಕೊಂಡು ಹೊರಟೆ.

ಕಾಕಾ ಹೇಳಿದ್ದು ಸುಳ್ಳಾಗಿರಲಿಲ್ಲ. ಪ್ಯಾನೆಲ್ಲಿನ ಪ್ರತಿ ಕಪ್ಪು ಚೌಕಕ್ಕೂ ನಾಲ್ಕೂ ಮೂಲೆ ಇರಲಿಲ್ಲ. ನಾಲ್ಕು ಚೌಕ ಸೇರುವಲ್ಲೆಲ್ಲ ಹಿಂದಿನ ಬಿಳಿ ಹಾಳೆ ವಜ್ರದಾಕಾರದಲ್ಲಿ ಇಣುಕುತ್ತಿತ್ತು. “ದೇವದುರ್ಗದಾಗ ನಮ್ಮ ಮಗಳ ಮನಿ ಮ್ಯಾಲಿಂದು ನೋಡು. ಹಳೇದು. ನೀಲಿ ಬಣ್ಣ. ಒಂದು ಮೂಲಿನೂ ಹೋಗಿಲ್ಲ” ಎಂದರು ಕಾಕಾ. ಅದೂ ನಿಜವೇ. ಆ ಮನೆಯ ಮಾಳಿಗೆಯನ್ನು ನಾನೂ ಕಂಡಿದ್ದೆ.

ಅಷ್ಟರಲ್ಲಿ ಮಗಳು ಒಂದು ಪ್ಯಾನೆಲ್ ಎಣಿಸಿ ಮುಗಿಸಿದ್ದಳು. 72 ಚೌಕ, 288 ಮೂಲೆ. ಒಂದೂ ಉಳಿದಿಲ್ಲ, ಎಲ್ಲವೂ ಒಂದೇ ಅಳತೆಗೆ ಹೋಗಿವೆ. “ಬಳಿ ಒಡದ್ರ ಎಲ್ಲಾ ಒಂದೇ ಅಳತಿಗೆ ಒಡಿತಾವೇನು ತಾತಾ?” ಎಂದಳು. ಕಾಕಾ ಸುಮ್ಮನಾದರು. ಬೇವಿನ ನೆರಳಿನಲ್ಲಿ ಕುಳಿತು ನಾನು ಹೇಳತೊಡಗಿದೆ.

ಆ ಚೌಕಗಳು ಸಿಲಿಕಾನ್ ಬಿಲ್ಲೆಗಳು. ಚೌಕವಾಗಿ ಕಾಣುವ ಇವು ದುಂಡನೆಯ ದಿಂಡಿನಿಂದ ಬಂದಂಥವು. ಸೌತೆಕಾಯಿ ಹೆಚ್ಚಿದರೆ ದುಂಡು ಬಿಲ್ಲೆ ಬರುತ್ತದಲ್ಲ, ಹಾಗೆ. ದಿಂಡು ದುಂಡಗಿರುವುದೇಕೆಂದರೆ ಅದನ್ನು ಯಾರೂ ಅಚ್ಚಿನಲ್ಲಿ ಎರಕ ಹೊಯ್ದಿಲ್ಲ. ಕರಗಿದ ಸಿಲಿಕಾನಿನೊಳಗಿನಿಂದ ತಿರುಗಿಸುತ್ತ, ಮೆಲ್ಲಗೆ ಮೇಲಕ್ಕೆ ಎಳೆದು ಬೆಳೆಸಿದ್ದಾರೆ.

ಈ ವಿದ್ಯೆ ಸಿಕ್ಕಿದ್ದು 1916ರಲ್ಲಿ, ಬರ್ಲಿನ್ನಿನಲ್ಲಿ. ಪೋಲೆಂಡ್ ಮೂಲದ ಯಾನ್ ಚೋಕ್ರಾಲ್ಸ್ಕಿ ಬರೆಯುತ್ತ ಕುಳಿತಿದ್ದಾಗ ಲೇಖನಿಯನ್ನು ಮಸಿಕುಡಿಕೆಗೆ ಬದಲು ಕರಗಿದ ತವರದ ಮೂಸೆಗೆ ಅದ್ದಿದರಂತೆ. ಎತ್ತಿದಾಗ ಮುಳ್ಳಿನ ತುದಿಗೆ ತವರದ ತೆಳು ಎಳೆ ಅಂಟಿಕೊಂಡಿತ್ತು. ಪರೀಕ್ಷಿಸಿದರೆ ಅದು ಒಂದೇ ಹರಳು! ಮಸಿಕುಡಿಕೆಯ ಈ ಕಥೆಗೆ ಎಷ್ಟು ಬಣ್ಣ ಸೇರಿದೆಯೋ, ವಿಧಾನಕ್ಕಂತೂ ಇಂದಿಗೂ ಅವರದೇ ಹೆಸರು.

“ಒಂದೇ ಹರಳು ಅಂದ್ರ?” ಎಂದರು ಕಾಕಾ. ಕಲ್ಲುಸಕ್ಕರೆಯ ನೂಲು ನೆನಪಿಸಿದೆ. ಅದರ ಮೇಲೆ ನೂರಾರು ಹರಳು ತಮತಮಗೆ ತೋಚಿದ ದಿಕ್ಕಿಗೆ ಬೆಳೆದು ಒಂದಕ್ಕೊಂದು ಡಿಕ್ಕಿ ಹೊಡೆದಿರುತ್ತವೆ. ಸಿಲಿಕಾನ್ ಹಾಗಾದರೆ, ಹರಳು ಹರಳು ಕೂಡುವ ಗಡಿಗಳಲ್ಲಿ ಬಿಸಿಲು ಹುಟ್ಟಿಸಿದ ವಿದ್ಯುತ್ತು ಒಂದಷ್ಟು ಸೋರಿಹೋಗುತ್ತದೆ. ದೇವದುರ್ಗದ ನೀಲಿ ಪ್ಯಾನೆಲ್ ಅಂಥದ್ದು. ಅದನ್ನು ಚೌಕ ಪಾತ್ರೆಯಲ್ಲೇ ಕರಗಿಸಿ, ಅಲ್ಲೇ ಆರಿಸಿ, ಇಟ್ಟಿಗೆಯಂತೆ ಕೊಯ್ಯುತ್ತಾರೆ. ಹಾಗಾಗಿ ಮೂಲೆ ಉಳಿದಿದೆ. ಹತ್ತಿರದಿಂದ ನೋಡಿದರೆ ತೇಪೆ ತೇಪೆ ಹರಳುಗಳೂ ಕಾಣುತ್ತವೆ. ಕಾಕಾನ ಕಪ್ಪು ಬಿಲ್ಲೆಯಲ್ಲಾದರೋ ಅಂಚಿನಿಂದ ಅಂಚಿಗೆ ಅಣುಗಳೆಲ್ಲ ಸಾಲುನಾಟಿ ಮಾಡಿದ ಭತ್ತದ ಹಾಗೆ ಒಂದೇ ಸಾಲಿನಲ್ಲಿರುತ್ತವೆ.

ಅಂಥ ಕುಲುಮೆಯ ಮುಂದೆ ಕೆಲಸ ಮಾಡಿದ ಗೆಳೆಯನೊಬ್ಬ ನನಗಿದ್ದಾನೆ. ಅವನು ವಿವರಿಸಿದ್ದನ್ನೇ ಹೇಳಿದೆ. ಶುದ್ಧ ಸಿಲಿಕಾನಿನ ತುಂಡುಗಳನ್ನು ಸ್ಫಟಿಕಶಿಲೆಯ ಮೂಸೆಗೆ ತುಂಬಿ, ಆರ್ಗಾನ್ ಅನಿಲದ ನಡುವೆ 1414 ಡಿಗ್ರಿ ದಾಟಿಸಿ ಕರಗಿಸುತ್ತಾರೆ. ಮೇಲಿನಿಂದ ಪೆನ್ಸಿಲ್ ಗಾತ್ರದ ಬೀಜದ ಹರಳೊಂದು ಇಳಿದು ರಸವನ್ನು ಮುಟ್ಟುತ್ತದೆ. ಬೀಜ ಒಂದು ದಿಕ್ಕಿಗೆ, ಮೂಸೆ ಎದುರು ದಿಕ್ಕಿಗೆ ತಿರುಗುತ್ತಿರುತ್ತವೆ. ಬೀಜ ಮೇಲೇರಿದಂತೆ ಅದಕ್ಕಂಟಿದ ರಸ ಗಟ್ಟಿಯಾಗುತ್ತ, ಬೀಜದ ಸಾಲನ್ನೇ ಹಿಡಿದು ಬೆಳೆಯುತ್ತದೆ.

ಆದರೆ ತಣ್ಣನೆಯ ಬೀಜ ಕುದಿಯಂಥ ರಸಕ್ಕೆ ತಗುಲಿದಾಗ ಅದರೊಳಗಿನ ಸಾಲು ಅಲ್ಲಲ್ಲಿ ತಪ್ಪುತ್ತದೆ. ಆ ತಪ್ಪು ಕೆಳಗಿಳಿದರೆ ಇಡೀ ದಿಂಡು ಕೆಟ್ಟಂತೆ. 1950ರ ದಶಕದ ಕೊನೆಗೆ ವಿಲಿಯಂ ಡ್ಯಾಶ್ ಎಂಬ ವಿಜ್ಞಾನಿ ಉಪಾಯ ಕಂಡುಕೊಂಡರು. ಮೊದಲು ಬೇಗಬೇಗ ಎಳೆದು ಸಣ್ಣ ಕುತ್ತಿಗೆ ಮಾಡಬೇಕು. ತಪ್ಪುಗಳು ಓರೆಯಾಗಿ ಸಾಗುವುದರಿಂದ ಕುತ್ತಿಗೆಯ ಪಕ್ಕಕ್ಕೆ ಬಂದು ಮುಗಿದುಹೋಗುತ್ತವೆ. ಆಮೇಲೆ ವೇಗ ತಗ್ಗಿಸಿದರೆ ಹರಳು ಭುಜ ಬಿಟ್ಟು ಅಗಲವಾಗುತ್ತದೆ.

ಮಗಳು ಪುಸ್ತಕ ತೆಗೆದು ಲೆಕ್ಕ ಹಾಕಿದಳು. 200 ಮಿಲಿಮೀಟರ್ ಅಗಲ, 2 ಮೀಟರ್ ಉದ್ದದ ದಿಂಡಿನ ತೂಕ 146 ಕೆಜಿ. ಅಂದರೆ ಹೆಚ್ಚುಕಡಿಮೆ ನಮ್ಮ ಭತ್ತದ ಎರಡು ಚೀಲ. ಅಷ್ಟೂ ಭಾರ ತೂಗುವುದು ನಾಲ್ಕೈದು ಮಿಲಿಮೀಟರಿನ ಆ ಕುತ್ತಿಗೆಗೆ! ಎಳೆಯುವ ವೇಗ ನಿಮಿಷಕ್ಕೆ ಸುಮಾರು 1 ಮಿಲಿಮೀಟರ್. ಅಲ್ಲಿಗೆ 33 ತಾಸು. ಹಗಲು, ರಾತ್ರಿ, ಮತ್ತೊಂದು ಹಗಲು.

“ನಡುವ ಕರೆಂಟ್ ಹೋದ್ರ?” ಕಾಕಾನ ಪ್ರಶ್ನೆ. ಶಕ್ತಿನಗರದ ಪಕ್ಕದಲ್ಲೇ ಇದ್ದೂ ರಾತ್ರಿ ಪಾಳಿಯ ಕರೆಂಟಿಗೆ ಕಾದವರಲ್ಲದೆ ಇನ್ನಾರು ಕೇಳಿಯಾರು! ಸಿಲಿಕಾನ್ ನೀರಿನ ಜಾತಿಯದು. ಗಟ್ಟಿಯಾಗುವಾಗ ಹಿಗ್ಗುತ್ತದೆ, ಹೆಚ್ಚುಕಡಿಮೆ ನೂರಕ್ಕೆ ಹತ್ತು ಪಾಲು. ಕುಲುಮೆ ಆರಿದರೆ ಮೂಸೆಯಲ್ಲಿ ಉಳಿದ ರಸ ಹೆಪ್ಪುಗಟ್ಟಿ, ಫ್ರೀಜರಿನಲ್ಲಿ ಮರೆತ ಗಾಜಿನ ಬಾಟಲಿಯಂತೆ ಮೂಸೆಯನ್ನೇ ಸೀಳುತ್ತದೆ.

ಅದಕ್ಕಿಂತ ಹೆಚ್ಚಾಗಿ ಕಾಡುವುದು ಒಂದು ಕಣ. ಮೂಸೆಯ ಗೋಡೆಯಿಂದ ಎದ್ದ ಚೂರು ತೇಲಿಬಂದು ಹರಳಿನ ಬುಡಕ್ಕೆ ತಾಗಿದರೆ ಸಾಲು ಮುರಿಯುತ್ತದೆ. ಗೊತ್ತಾಗುವುದು ಹೇಗೆ? ಸರಿಯಾಗಿ ಬೆಳೆಯುವ ದಿಂಡಿನ ಮೈಮೇಲೆ ನಾಲ್ಕು ಉದ್ದುದ್ದ ಏಣುಗಳು ಮೂಡುತ್ತವೆ. ಕುಲುಮೆಯ ಕಿಟಕಿಯಿಂದ ಗೆಳೆಯ ನೋಡುತ್ತಿದ್ದುದು ಅವನ್ನೇ. ಏಣು ಮಾಯವಾಯಿತೆಂದರೆ ಹರಳು ಒಂದಾಗಿ ಉಳಿದಿಲ್ಲ. ಆಗ ಬೆಳೆದಷ್ಟನ್ನೂ ಮತ್ತೆ ರಸಕ್ಕಿಳಿಸಿ ಕರಗಿಸಬೇಕು, ಇಲ್ಲವೇ ಕೆಟ್ಟ ಭಾಗ ಬಿಡಬೇಕು. ಕೊನೆಯಲ್ಲೂ ಅವಸರ ಕೂಡದು. ಬುಗುರಿಯ ಮೊನೆಯಂತೆ ಚೂಪಾಗಿಸಿಯೇ ಬಿಡಿಸಬೇಕು. ಥಟ್ಟನೆ ಎತ್ತಿದರೆ ಬುಡಕ್ಕಾದ ಆಘಾತದಿಂದ ಹುಟ್ಟಿದ ತಪ್ಪು ದಿಂಡಿನ ಅಗಲದಷ್ಟು ಮೇಲಕ್ಕೆ ಹರಿಯುತ್ತದೆ.

ಇನ್ನು ಕಾಕಾನ ಮೂಲೆಗಳು. ನೆಲದ ಮೇಲೆ ಕಡ್ಡಿಯಿಂದ 200 ಮಿಲಿಮೀಟರಿನ ವೃತ್ತ ಗೀರಿದೆ. ಅದರೊಳಗೆ ಪೂರ್ತಿ ಚೌಕ ಬರೆದರೆ ಬಾಹು 141 ಮಾತ್ರ. ವೃತ್ತದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊರಗುಳಿಯುತ್ತದೆ. ಅದಕ್ಕೆ ಬಾಹುವನ್ನು 156 ಮಾಡುತ್ತಾರೆ. ಅಂಥ ಚೌಕದ ಕರ್ಣ ಸುಮಾರು 220 ಆಗಬೇಕು, ದಿಂಡು ಇರುವುದೇ 200. ಹಾಗಾಗಿ ಮೂಲೆಗೆ 10 ಮಿಲಿಮೀಟರ್ ಕಡಿಮೆ. ಮಗಳು ಅಳತೆಪಟ್ಟಿ ಹಿಡಿದು ಬಂದಳು: ಬಾಹು 156! ದುಂಡು ಬಿಲ್ಲೆಯನ್ನೇ ಜೋಡಿಸಿದ್ದರೆ ನಡುನಡುವೆ ಜಾಗ ಹಾಳು. ಪೂರ್ತಿ ಚೌಕ ಕೊಯ್ದಿದ್ದರೆ ಹರಳು ಹಾಳು. ಕಾಕಾನಿಗೆ ಬಂದದ್ದು ಇವೆರಡರ ನಡುವಿನ ರಾಜಿ. (ಈಗೀಗ ಇನ್ನೂ ದಪ್ಪ ದಿಂಡು ಬೆಳೆಸುವುದರಿಂದ ಹೊಸ ಪ್ಯಾನೆಲ್‌ಗಳಲ್ಲಿ ಮೂಲೆ ತುಸುವೇ ಹೋಗಿರುತ್ತದೆ.)

ಹೀಗೆ ಪಕ್ಕ ಕೊಯ್ದ ದಿಂಡನ್ನು ವಜ್ರದ ಪುಡಿ ಅಂಟಿಸಿದ ಕೂದಲೆಳೆಯಂಥ ತಂತಿಗಳ ಸಾಲಿನ ಮೇಲೆ ಇಳಿಸುತ್ತಾರೆ. ಸಾವಿರಾರು ಬಿಲ್ಲೆ ಒಟ್ಟಿಗೇ ಕೊಯ್ದು ಬರುತ್ತವೆ. ಆ ಕಾಲದ ಬಿಲ್ಲೆಯ ದಪ್ಪ 0.18 ಮಿಲಿಮೀಟರ್, ಎರಡು ಹಾಳೆ ಕಾಗದದಷ್ಟು. ತಂತಿ ಓಡಾಡಿದ ಜಾಗದಲ್ಲಿ ಪುಡಿಯಾಗುವುದು ಸುಮಾರು 0.09. ಒಂದು ಮೀಟರ್ ದಿಂಡಿಗೆ 3,700 ಬಿಲ್ಲೆ, ಮೂರರಲ್ಲೊಂದು ಪಾಲು ಪುಡಿ. ಅಷ್ಟು ತಾಸು ಕಾದು ಬೆಳೆಸಿದ ಹರಳು ಹೀಗೆ ಹಿಟ್ಟಾಗುವುದು ನನಗೆ ಇಂದಿಗೂ ಸಂಕಟದ ವಿಷಯ.

ಕಾಕಾ ಎದ್ದು ಪ್ಯಾನೆಲ್ ಹತ್ತಿರ ಹೋಗಿ ಒಂದು ಮೂಲೆಯ ಮೇಲೆ ಬೆರಳಿಟ್ಟರು. “ಪಕ್ಕಕ್ಕ ಕೊಯ್ದದ್ದು ಒಗಿತಾರೇನು?”

“ಇಲ್ಲ ಕಾಕಾ. ತೊಳೆದು ಮತ್ತೆ ಮೂಸೆಗೇ ಹಾಕ್ತಾರ.”

“ಹಂಗಾದ್ರ ಬರೊಬ್ಬರಿ” ಎಂದ ಕಾಕಾ ಮಗಳ ಕಡೆ ತಿರುಗಿದರು. “ಆ ಅಂಗಡ್ಯಾವಗ ಫೋನ್ ಹಚ್ಚವ್ವಾ. ಬಾಕಿ ರೊಕ್ಕ ಒಯ್ಯಾಕ ಬಾ ಅಂತ ಹೇಳು.”