ತಿಂಗಳಿಗೆ ಐದು ಸಾವಿರ, ದಿನಕ್ಕೆ ಎಷ್ಟು ಲಾರಿ?

ಕಳೆದ ಬೇಸಿಗೆಯಲ್ಲಿ ನಮ್ಮ ಸೋದರತ್ತೆ ಒಂದು ಕರಪತ್ರ ತಂದು ನನ್ನ ಮುಂದಿಟ್ಟರು. ಕೊಬ್ಬರಿ ವ್ಯಾಪಾರ ಮಾಡುತ್ತೇವೆಂದು ಹೇಳಿಕೊಳ್ಳುವ ಒಂದು ಸಂಸ್ಥೆಯದು. ಒಂದು ಲಕ್ಷ ರೂಪಾಯಿ ಕೊಟ್ಟರೆ ತಿಂಗಳು ತಿಂಗಳೂ ಐದು ಸಾವಿರ ಲಾಭ, ಕೇಳಿದಾಗ ಅಸಲು ವಾಪಸ್. "ಬರೀ ಐದು ಪರ್ಸೆಂಟು ಕಣಪ್ಪಾ. ಹತ್ತು ಇಪ್ಪತ್ತು ಅಂದಿದ್ರೆ ನಾನೇ ನಂಬ್ತಿರಲಿಲ್ಲ" ಅಂದರು ಅತ್ತೆ.

ಅತ್ತೆ ಹಳ್ಳಿಯಲ್ಲಿ ಕೈಸಾಲ ಕೊಟ್ಟು ತಗೊಂಡು ಬೆಳೆದವರು. ಅವರ ಲೆಕ್ಕದ ಭಾಷೆಯಲ್ಲೇ ಕೇಳಿದೆ: "ನೂರಕ್ಕೆ ಐದು ರೂಪಾಯಿ ಬಡ್ಡಿ ಕೊಡ್ತೀನಿ ಅಂತ ಯಾರಾದ್ರೂ ಸಾಲ ಕೇಳೋಕೆ ಬಂದ್ರೆ ಏನನ್ಸುತ್ತೆ ಅತ್ತೆ?" ಒಂದು ಕ್ಷಣ ಸುಮ್ಮನಿದ್ದರು. "ಪಾಪ, ಎಲ್ಲಾ ಕಡೆ ಸಾಲ ಹುಟ್ಟದೆ ಬಂದಿದಾನೆ ಅನ್ಸುತ್ತೆ." ಕರಪತ್ರದ ಐದು ಪರ್ಸೆಂಟೂ ಆ ಐದು ರೂಪಾಯಿ ಬಡ್ಡಿಯೂ ಒಂದೇ. ಒಂದನ್ನು ಲಾಭ ಅಂತ ಕರೆದಾಗ ಚಿಕ್ಕದಾಗಿ ಕಾಣುತ್ತದೆ, ಇನ್ನೊಂದನ್ನು ಬಡ್ಡಿ ಅಂತ ಕರೆದಾಗ ದೊಡ್ಡದಾಗಿ ಕಾಣುತ್ತದೆ.

ಅದು ನಿಜಕ್ಕೂ ಎಷ್ಟು ದೊಡ್ಡದು ಅಂತ ತಿಳಿಯಲು ಕ್ಯಾಲ್ಕುಲೇಟರ್ ಕೂಡ ಬೇಕಿಲ್ಲ. 72 ಅನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎರಡರಷ್ಟಾಗುವ ಅವಧಿ ಹೆಚ್ಚೂಕಡಿಮೆ ಸಿಗುತ್ತದೆ. 72 ಅನ್ನು 5ರಿಂದ ಭಾಗಿಸಿದರೆ ಹದಿನಾಲ್ಕು ಚಿಲ್ಲರೆ ತಿಂಗಳು. ಅಂದರೆ ಬಂದ ಲಾಭವನ್ನು ಅಲ್ಲೇ ಬಿಟ್ಟರೆ ಒಂದು ಲಕ್ಷ ಹದಿನಾಲ್ಕು ತಿಂಗಳಿಗೆ ಎರಡು ಲಕ್ಷ, ಇನ್ನೊಂದು ಹದಿನಾಲ್ಕಕ್ಕೆ ನಾಲ್ಕು, ಆಮೇಲೆ ಎಂಟು, ಹದಿನಾರು, ಮೂವತ್ತೆರಡು. ಬೆರಳು ಮಡಿಸುತ್ತಾ ಹೋದರೆ ಎಂಟು ಸಲ ದುಪ್ಪಟ್ಟಾಗುವಷ್ಟರಲ್ಲಿ 256 ಲಕ್ಷ, ಆಗಿನ್ನೂ ಹತ್ತು ವರ್ಷ ತುಂಬಿರುವುದಿಲ್ಲ. ಸರಿಯಾಗಿ ಹತ್ತು ವರ್ಷಕ್ಕೆ ಗುಣಿಸಿದರೆ ಸುಮಾರು 349 ಲಕ್ಷ. ಒಂದು ಲಕ್ಷ ಹಾಕಿದವರಿಗೆ ಮೂರೂವರೆ ಕೋಟಿ.

ಇದನ್ನು ಸಂಸ್ಥೆಯ ಯಜಮಾನನ ಕಡೆಯಿಂದ ನೋಡಬೇಕು. ಅವನ ಕೊಬ್ಬರಿ ವ್ಯಾಪಾರ ನಿಜಕ್ಕೂ ತಿಂಗಳಿಗೆ ಶೇಕಡ 5 ದುಡಿಯುವುದಾದರೆ, ಸ್ವಂತದ ಹತ್ತು ಲಕ್ಷ ಹಾಕಿ ಹತ್ತು ವರ್ಷ ಕಾದರೆ ಅವನ ಬಳಿಯೇ 35 ಕೋಟಿ ಇರುತ್ತದೆ. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ಬ್ಯಾಂಕಿನಲ್ಲಿ ನೂರಕ್ಕೆ ಒಂದು ರೂಪಾಯಿ ಆಸುಪಾಸಿನ ಬಡ್ಡಿಗೆ ವ್ಯಾಪಾರದ ಸಾಲ ಎತ್ತಬಹುದು. ಅಗ್ಗದ ಹಣ ಬಿಟ್ಟು ಐದು ಪಟ್ಟು ದುಬಾರಿಯ ಹಣಕ್ಕಾಗಿ ಅವನು ಮನೆಮನೆಗೆ ಏಜೆಂಟರನ್ನು ಕಳಿಸುವುದೇಕೆ ಎಂಬ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರವಿರಲಿಲ್ಲ.

ಅತ್ತೆಯ ಬಳಿ ಒಂದು ಒಳ್ಳೆಯ ಆಕ್ಷೇಪವಿತ್ತು. "ನಾನೇನು ಹತ್ತು ವರ್ಷ ಅಲ್ಲೇ ಬಿಡ್ತೀನಾ? ತಿಂಗಳು ತಿಂಗಳು ಐದು ಸಾವಿರ ಎತ್ಕೋತೀನಿ. ಚಕ್ರಬಡ್ಡಿ ಮಾತೇ ಬರಲ್ಲವಲ್ಲ?"

ಬರುತ್ತದೆ, ಆದರೆ ಅದು ಹೋಗಿ ಕೂರುವುದು ಎದುರು ಪಕ್ಕದಲ್ಲಿ. ಸಾವಿರ ಜನ ತಲಾ ಒಂದು ಲಕ್ಷ ಕೊಟ್ಟಿದ್ದಾರೆ ಅಂದುಕೊಳ್ಳೋಣ. ತಿಂಗಳ ಕೊನೆಗೆ 50 ಲಕ್ಷ ಹಂಚಬೇಕು. ವ್ಯಾಪಾರದಲ್ಲಿ ಅಷ್ಟು ಹುಟ್ಟಲಿಲ್ಲ, ಅಸಲಿಗೂ ಕೈ ಹಾಕಬಾರದು ಅಂದರೆ 50 ಹೊಸ ಜನರನ್ನು ಸೇರಿಸಿ ಅವರ ದುಡ್ಡನ್ನು ಹಳಬರಿಗೆ ಹಂಚಬೇಕು. ಮುಂದಿನ ತಿಂಗಳು 1,050 ಜನ ಬಡ್ಡಿಗೆ ಕಾಯುತ್ತಿರುತ್ತಾರೆ, ಆಗ 53 ಜನ ಬೇಕು. ಹೀಗೆ ಜನಸಂಖ್ಯೆಯೇ ತಿಂಗಳಿಗೆ ಶೇಕಡ 5ರಂತೆ ಬೆಳೆಯಬೇಕು. ವರ್ಷಕ್ಕೆ ಸುಮಾರು 1,800, ಹತ್ತು ವರ್ಷಕ್ಕೆ ಮೂರೂವರೆ ಲಕ್ಷ ಜನ. ಹತ್ತೊಂಬತ್ತನೆಯ ವರ್ಷದಲ್ಲಿ ಅದು 2011ರ ಜನಗಣತಿಯ ಕರ್ನಾಟಕವನ್ನು, ಅಂದರೆ 6.11 ಕೋಟಿಯನ್ನು, ದಾಟುತ್ತದೆ. ಅತ್ತೆ ಬಡ್ಡಿ ಎತ್ತಿಕೊಂಡರೂ ಸಂಸ್ಥೆಯ ಸಾಲ ಚಕ್ರಬಡ್ಡಿಯ ವೇಗದಲ್ಲೇ ಬೆಳೆಯುತ್ತಿರುತ್ತದೆ.

ಇಲ್ಲಿ ಇನ್ನೊಂದು ಸಣ್ಣ ಭಾಗಾಕಾರವೂ ಇದೆ, ಮತ್ತು ತುಂಬಾ ಜನ ಮೋಸಹೋಗುವುದು ಇದೇ ಜಾಗದಲ್ಲಿ. ಪಕ್ಕದ ಮನೆಯವರಿಗೆ ಒಂದು ವರ್ಷದಿಂದ ತಪ್ಪದೆ ಬಡ್ಡಿ ಬರುತ್ತಿದೆ ಎಂಬುದನ್ನೇ ಪುರಾವೆಯೆಂದು ನಂಬುತ್ತೇವೆ. ಒಂದು ಲಕ್ಷವನ್ನು ಪೆಟ್ಟಿಗೆಯಲ್ಲಿಟ್ಟು, ಯಾವ ವ್ಯಾಪಾರವನ್ನೂ ಮಾಡದೆ, ತಿಂಗಳಿಗೆ ಐದು ಸಾವಿರದಂತೆ ತೆಗೆದು ಕೊಟ್ಟರೂ ಅದು ಇಪ್ಪತ್ತು ತಿಂಗಳು ಬರುತ್ತದೆ. ಹನ್ನೆರಡು ತಿಂಗಳು ಬಡ್ಡಿ ಬಂದದ್ದರಿಂದ ಪೆಟ್ಟಿಗೆಯಲ್ಲಿ ಇನ್ನೂ ದುಡ್ಡಿದೆ ಎಂದಷ್ಟೇ ತಿಳಿಯುತ್ತದೆ. ದರ ಕಡಿಮೆಯಿದ್ದಷ್ಟೂ ಪೆಟ್ಟಿಗೆ ಹೆಚ್ಚು ಕಾಲ ಬಾಳುತ್ತದೆ, ಶೇಕಡ 3 ಆದರೆ ಮೂವತ್ತಮೂರು ತಿಂಗಳು.

ಹಾಗಾದರೆ ನಿಜವಾದ ವ್ಯಾಪಾರ ಎಷ್ಟು ದುಡಿಯಬಲ್ಲದು? ದೀರ್ಘಕಾಲದ ದಾಖಲೆಗಳಲ್ಲಿ ಜಗತ್ತಿಗೆ ಚೆನ್ನಾಗಿ ಗೊತ್ತಿರುವುದು ಅಮೆರಿಕದ ವಾರನ್ ಬಫೆಟ್ ನಡೆಸಿದ ಬರ್ಕ್‌ಷೈರ್ ಹ್ಯಾಥವೇ ಕಂಪನಿಯದು. ಅದರ ಷೇರಿನ ಬೆಲೆ 1965ರಿಂದ 2024ರವರೆಗೆ ಸರಾಸರಿ ವರ್ಷಕ್ಕೆ ಶೇಕಡ 19.9ರಂತೆ ಚಕ್ರಬಡ್ಡಿಯಲ್ಲಿ ಬೆಳೆದಿದೆ. ತಿಂಗಳಿಗೆ ಇಳಿಸಿದರೆ ಇದು ಸುಮಾರು ಒಂದೂವರೆ. ಬಫೆಟ್‌ರನ್ನು ಜಗತ್ತಿನ ಅತಿ ಶ್ರೀಮಂತರ ಸಾಲಿಗೆ ಸೇರಿಸಿದ್ದು, ನಮ್ಮ ಹಳ್ಳಿಯ ಮಾತಲ್ಲಿ ಹೇಳುವುದಾದರೆ, ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ಅದೂ ತಿಂಗಳು ತಿಂಗಳು ಸಮನಾಗಿ ಬಂದದ್ದಲ್ಲ. 1974ರಲ್ಲಿ ಆ ಷೇರಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿತ್ತು, 2008ರಲ್ಲಿ ಮೂರರಲ್ಲೊಂದು ಭಾಗದಷ್ಟು.

ಆದರೂ ಒಂದು ವಿಷಯ ನನ್ನನ್ನು ಬಹಳ ದಿನ ಕಾಡಿತ್ತು. ನಮ್ಮ ಬೀದಿಗೆ ಬರುವ ಸೊಪ್ಪಿನ ಅಕ್ಕ ಬೆಳಿಗ್ಗೆ ಮಾರುಕಟ್ಟೆಯಲ್ಲಿ 1,500 ರೂಪಾಯಿಯ ಸೊಪ್ಪು ಎತ್ತಿ ಮಧ್ಯಾಹ್ನದೊಳಗೆ 2,000ಕ್ಕೆ ಮಾರುತ್ತಾರೆ. ದಿನಕ್ಕೇ ಶೇಕಡ 33! ತಿಂಗಳಿಗೆ ಐದು ಅಸಾಧ್ಯವೆಂದರೆ ಇದು ಹೇಗೆ ಸಾಧ್ಯ? ಅವರ ಹಣವನ್ನು ಚಕ್ರಬಡ್ಡಿಯಲ್ಲಿ ಓಡಿಸಿ ನೋಡಿದೆ. ಮೂವತ್ತು ದಿನಕ್ಕೆ 1,500 ರೂಪಾಯಿ 84 ಲಕ್ಷ ಆಗಬೇಕು. ಆಗುವುದಿಲ್ಲ. ಯಾಕೆ ಅಂತ ಅವರನ್ನೇ ಕೇಳಿದೆ, ದಿನಾ ಲಾಭ ಸೇರಿಸಿ ಹೆಚ್ಚು ಸೊಪ್ಪು ತರಬಾರದೇ ಅಕ್ಕ ಅಂತ. "ಇನ್ನೈವತ್ತು ಕಟ್ಟು ತಂದ್ರೆ ಸಾಯಂಕಾಲ ಹಸೂಗೆ ಹಾಕ್ಬೇಕು ಸ್ವಾಮಿ. ಈ ನಾಕು ಬೀದಿಯೋರು ಎಷ್ಟಂತ ತಿಂತಾರೆ?"

ಈ ಲೆಕ್ಕದ ತಿರುಳು ಆ ಮಾತಿನಲ್ಲಿದೆ. ಸಣ್ಣ ಮೊತ್ತದ ಮೇಲೆ ದೊಡ್ಡ ದರ ದುಡಿಯುವುದು ಸಾಧ್ಯ, ಏಕೆಂದರೆ ಅದರಲ್ಲಿ ಅಕ್ಕನ ಕೂಲಿ ಸೇರಿದೆ, ನಾಲ್ಕು ಬೀದಿಯ ಹಸಿವು ಸೇರಿದೆ. ಎರಡೂ ಹಣದೊಂದಿಗೆ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ದರದ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಆ ದರದಲ್ಲಿ ಈ ವ್ಯಾಪಾರಕ್ಕೆ ಎಷ್ಟು ಹಣ ಹಿಡಿಸುತ್ತದೆ?

1920ರಲ್ಲಿ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪಾಂಜಿಯ ಗುಟ್ಟು ಬಯಲಾದದ್ದು ಇದೇ ಪ್ರಶ್ನೆಯಿಂದ. 45 ದಿನಕ್ಕೆ ಶೇಕಡ 50 ಕೊಡುತ್ತೇನೆಂದು ಅವನು ಹಣ ಸಂಗ್ರಹಿಸುತ್ತಿದ್ದ. ವರ್ಷಕ್ಕೆ ಎಂಟು ಸಲ ಹಾಗೆ ಬೆಳೆದರೆ ನೂರು ಡಾಲರ್ 2,563 ಆಗಬೇಕು. ಆದಾಯದ ಮೂಲ ಕೇಳಿದರೆ ಅಂಚೆಯ ಉತ್ತರ ಕೂಪನ್ ಎನ್ನುತ್ತಿದ್ದ. ಪರದೇಶಕ್ಕೆ ಕಾಗದ ಬರೆಯುವವರು ಮರುಟಪಾಲಿನ ಖರ್ಚಿಗೆಂದು ಜೊತೆಗಿಟ್ಟು ಕಳಿಸುವ ಚೀಟಿ ಅದು. ಮೊದಲ ಮಹಾಯುದ್ಧದ ನಂತರ ಇಟಲಿಯ ಹಣದ ಬೆಲೆ ಬಿದ್ದಿದ್ದರಿಂದ ಅಲ್ಲಿ ಅಗ್ಗವಾಗಿ ಕೊಂಡ ಕೂಪನ್ನಿಗೆ ಅಮೆರಿಕದಲ್ಲಿ ಹೆಚ್ಚು ಬೆಲೆಯ ಅಂಚೆಚೀಟಿ ಸಿಗುತ್ತಿತ್ತು. ಇಷ್ಟು ಮಾತ್ರ ನಿಜವೇ. ಸೊಪ್ಪಿನ ಅಕ್ಕನ ಲಾಭದ ಹಾಗೆ, ಒಂದು ಕೂಪನ್ನಿನ ಮೇಲಿನ ಲಾಭದ ದರಕ್ಕೆ ಕೊರತೆಯಿರಲಿಲ್ಲ.

ಆದರೆ ಒಂದು ಕೂಪನ್ನಿನಿಂದ ಸಿಗುವುದು ಕೆಲವೇ ಸೆಂಟು. ಐದು ಸೆಂಟು ಉಳಿಯಿತೆಂದೇ ಇಟ್ಟುಕೊಂಡರೂ ಹತ್ತು ಲಕ್ಷ ಡಾಲರ್ ಲಾಭಕ್ಕೆ ಎರಡು ಕೋಟಿ ಕೂಪನ್ ಹಡಗಿನಲ್ಲಿ ಬರಬೇಕು, ಬದಲಿಗೆ ಸಿಕ್ಕ ಅಂಚೆಚೀಟಿಗಳನ್ನು ಮತ್ತೆ ಮಾರಿ ನಗದು ಮಾಡಬೇಕು. ಹಣಕಾಸು ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಆ ಜುಲೈನಲ್ಲಿ ಈ ಎಣಿಕೆಯನ್ನೇ ಮಾಡಿದ. ಪಾಂಜಿ ಪಡೆದ ಹಣಕ್ಕೆ 16 ಕೋಟಿ ಕೂಪನ್ ಬೇಕಿತ್ತು, ಚಲಾವಣೆಯಲ್ಲಿದ್ದದ್ದು ಸುಮಾರು 27,000. ಆಗಸ್ಟ್‌ನಲ್ಲಿ ಪಾಂಜಿ ಶರಣಾದ.

ಕಡಿಮೆ ದರ ತೋರಿಸುವವರ ಮುಂದೆ ಚಕ್ರಬಡ್ಡಿಯ ಲೆಕ್ಕವೊಂದೇ ಸಾಲದು. ಇಂಥದೇ ಮೋಸ ನಡೆಸಿದ ನ್ಯೂಯಾರ್ಕಿನ ಬರ್ನಾರ್ಡ್ ಮೇಡಾಫ್ ಹೇಳುತ್ತಿದ್ದುದು ತಿಂಗಳಿಗೆ ಬರೀ ಒಂದರ ಆಸುಪಾಸು. ಅದು ಅಸಾಧ್ಯದ ದರವಲ್ಲ. ಆದರೆ ಮಾರುಕಟ್ಟೆ ಬಿದ್ದರೂ ಎದ್ದರೂ ಅವನ ಲಾಭದ ಗೆರೆ ಮಾತ್ರ ನೇರವಾಗಿ ಮೇಲೇರುತ್ತಿತ್ತು. ಹ್ಯಾರಿ ಮಾರ್ಕೊಪೊಲೋಸ್ ಎಂಬ ವಿಶ್ಲೇಷಕ ಅನುಮಾನಪಟ್ಟು ಎಣಿಸಿದಾಗ, ಮೇಡಾಫ್ ಮಾಡುತ್ತೇನೆಂದ ವಹಿವಾಟಿಗೆ ಬೇಕಾದಷ್ಟು ಆಪ್ಷನ್ ಕರಾರುಗಳೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಮಾರ್ಕೊಪೊಲೋಸ್ 2005ರಲ್ಲಿ ಸರ್ಕಾರಿ ನಿಯಂತ್ರಕರಿಗೆ ಇದನ್ನು ವಿವರವಾಗಿ ಬರೆದು ಕೊಟ್ಟ. ಅವರು ಕಿವಿಗೊಡಲಿಲ್ಲ. ಮೇಡಾಫ್‌ನ ಸಂಸ್ಥೆ ಮುರಿದುಬಿದ್ದದ್ದು 2008ರ ಡಿಸೆಂಬರ್‌ನಲ್ಲಿ. ನಡುವಿನ ಆ ಮೂರು ವರ್ಷಗಳಲ್ಲಿ ಹಣ ಹಾಕಿದವರನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಅತ್ತೆಯೂ ನಾನೂ ಕೂತು ಕೊಬ್ಬರಿಯನ್ನೂ ಹಾಗೆಯೇ ಎಣಿಸಿದೆವು. ಸಂಸ್ಥೆಗೆ ಈಗಾಗಲೇ ನೂರು ಕೋಟಿ ಬಂದಿದೆ ಎಂದು ಏಜೆಂಟರು ಹೇಳಿದ್ದರು. ತಿಂಗಳಿಗೆ ಶೇಕಡ 5 ಅಂದರೆ ಐದು ಕೋಟಿ ಹಂಚಬೇಕು. ಎಲ್ಲ ಖರ್ಚು ಕಳೆದು ಕ್ವಿಂಟಲಿಗೆ 500 ರೂಪಾಯಿ ಉಳಿಯುತ್ತದೆ ಅಂತ ಇಟ್ಟುಕೊಂಡೆವು. ಐದು ಕೋಟಿಗೆ ಒಂದು ಲಕ್ಷ ಕ್ವಿಂಟಲ್. ಒಂದು ಲಾರಿಗೆ ನೂರು ಕ್ವಿಂಟಲ್ ಅಂದರೆ ತಿಂಗಳಿಗೆ ಸಾವಿರ ಲಾರಿ, ಭಾನುವಾರವೂ ಸೇರಿ ದಿನಕ್ಕೆ ಮೂವತ್ತಮೂರು. ಅಷ್ಟೂ ಲಾರಿ ಒಳಗೆ ಬಂದು ಇಳಿಸಬೇಕು, ಅಷ್ಟೇ ಲೋಡು ಹೊರಗೂ ಹೋಗಬೇಕು.

ಕರಪತ್ರದಲ್ಲಿ ಗೋದಾಮಿನ ವಿಳಾಸವಿತ್ತು. ಮರುದಿನ ಅತ್ತೆ ಅದರ ಎದುರಿನ ಹೋಟೆಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೂತವರು ಮಧ್ಯಾಹ್ನ ಎರಡಕ್ಕೆ ನನಗೆ ಫೋನ್ ಮಾಡಿದರು. "ಒಂದು ಟೆಂಪೋ ಬಂತು ಕಣಪ್ಪಾ. ಅದರಲ್ಲೂ ಕುರ್ಚಿ ಇತ್ತು."