ಹೊಸ ಸೇಲ್ಸ್ ಮ್ಯಾನೇಜರ್‌ನ ಮೊದಲ 90 ದಿನ

ಸೋಪು, ಬಿಸ್ಕತ್ತಿನಂಥ ದಿನಬಳಕೆ ಸರಕಿನ ಕಂಪನಿಯಲ್ಲಿ ಬಡ್ತಿ ಪಡೆದು ಅಪರಿಚಿತ ತಂಡಕ್ಕೆ ಬರುವ ಸೇಲ್ಸ್ ಮ್ಯಾನೇಜರ್ ಮೊದಲ 30 ದಿನ ಏನನ್ನೂ ಬದಲಿಸದಿರುವುದೇ ಲೇಸು. ಆ ತಿಂಗಳು ಪ್ರತಿ ಸೇಲ್ಸ್‌ಮನ್ ಜೊತೆ ಒಂದು ಪೂರ್ತಿ ದಿನ ಬೀಟ್ ಸುತ್ತಬೇಕು. ಅಂಗಡಿಯಲ್ಲಿ ಮಾತು ಸೇಲ್ಸ್‌ಮನ್‌ನದೇ ಆಗಿರಬೇಕು. ತಾನೇ ಆರ್ಡರ್ ಹಿಡಿದು ತೋರಿಸುವ ಚಪಲ ಸಹಜ, ಆದರೆ ಅದರಿಂದ ತಂಡದ ಬಗ್ಗೆ ಏನೂ ತಿಳಿಯುವುದಿಲ್ಲ.

ನಿಜಸ್ಥಿತಿ ಗೊತ್ತಾಗುವುದು ಡಿಸ್ಟ್ರಿಬ್ಯೂಟರ್ ಗೋದಾಮಿನಲ್ಲಿ. ಕಂಪನಿಯಿಂದ ಅಲ್ಲಿಗೆ ಬಂದದ್ದು ಪ್ರೈಮರಿ ಮಾರಾಟ, ಅಲ್ಲಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ಮೂರು ತಿಂಗಳು ತಲಾ 10 ಲಕ್ಷ ರೂಪಾಯಿಯ ಸರಕು ಬಂದು, 8 ಲಕ್ಷದ್ದು ಮಾತ್ರ ಹೊರಹೋಗಿದೆ ಎನ್ನೋಣ. ಕಾಗದದ ಮೇಲೆ ಟಾರ್ಗೆಟ್ ಮುಟ್ಟಿರುತ್ತದೆ, ಗೋದಾಮಿನಲ್ಲಿ 6 ಲಕ್ಷದ ಹೆಚ್ಚುವರಿ ಮಾಲು ಕೂತಿರುತ್ತದೆ. ಪ್ರೈಮರಿ ಬಿಲ್‌ಗಳೆಲ್ಲ ತಿಂಗಳ ಕೊನೆಯ ವಾರದಲ್ಲೇ ಒಟ್ಟಾಗಿದ್ದರೆ ಅದೇ ಸುಳಿವು.

ಈ ಲೆಕ್ಕವನ್ನು ಎರಡನೇ ತಿಂಗಳ ಆರಂಭದಲ್ಲೇ ಮೇಲಧಿಕಾರಿಯ ಮುಂದಿಟ್ಟು ಪ್ರೈಮರಿ ಟಾರ್ಗೆಟ್ ಇಳಿಸಿಕೊಳ್ಳಬೇಕು. ತಿಂಗಳಿಗೆ 6 ಲಕ್ಷದ್ದು ತರಿಸಿ 8 ಲಕ್ಷದ್ದು ಮಾರಿದರೆ ಮೂರು ತಿಂಗಳಲ್ಲಿ ಹೊರೆ ಇಳಿಯುತ್ತದೆ. ತಡಮಾಡಿದರೆ ಹಿಂದಿನವರ ಸ್ಟಾಕ್ ಹೊಸಬರ ತಲೆಗೇ ಬರುತ್ತದೆ.

ಬೀಟ್ ಮರುಹಂಚಿಕೆಗೆ ಕೊನೆಯ 30 ದಿನ ಸಾಕು, ಅದೂ ಒಂದೆರಡು ಬೀಟ್‌ಗಳಲ್ಲಿ. ಬೀಟ್ ಕೈಬದಲಾಗುವ ಮುನ್ನ ಅಂಗಡಿವಾರು ಉದ್ರಿ ಪಟ್ಟಿಗೆ ಇಬ್ಬರು ಸೇಲ್ಸ್‌ಮನ್‌ಗಳ ಸಹಿ ಇರಬೇಕು. ಇಲ್ಲದಿದ್ದರೆ ಹಳೇ ಬಾಕಿ ಯಾರು ವಸೂಲಿ ಮಾಡಬೇಕೆಂಬ ಜಗಳ ಶುರುವಾಗುತ್ತದೆ.